ಮುಖಕ್ಕೆ ತಂಪು ಕನ್ನಡಕ ತೊಡಿಸುವುದು: ಗಾಜಿನ ಪ್ರತಿಬಿಂಬ ಮತ್ತು ಕೆನ್ನೆಯ ನೆರಳು

ಫೋಟೋದಲ್ಲಿರುವ ಮುಖಕ್ಕೆ ತಂಪು ಕನ್ನಡಕವೊಂದನ್ನು ಅಂಟಿಸಲು ಐದು ನಿಮಿಷ ಸಾಕು. ಫೋಟೋ ತೆಗೆಯುವಾಗಲೇ ಆ ಕನ್ನಡಕ ಮುಖದ ಮೇಲಿತ್ತು ಎಂದು ನೋಡುವವರಿಗೆ ಅನ್ನಿಸಬೇಕಾದರೆ ಅರ್ಧ ದಿನ ಬೇಕಾಗುತ್ತದೆ. ಆ ಸಮಯದ ಬಹುಪಾಲು ಹೋಗುವುದು ಎರಡು ಕಡೆಗೆ: ಗಾಜಿನಲ್ಲಿ ಏನು ಕಾಣಬೇಕು ಎಂಬುದಕ್ಕೆ, ಕೆನ್ನೆಯ ಮೇಲೆ ನೆರಳು ಎಲ್ಲಿ ಬೀಳಬೇಕು ಎಂಬುದಕ್ಕೆ. ಈ ಎರಡನ್ನೂ ಕಣ್ಣಂದಾಜಿನಲ್ಲಿ ಮಾಡುವವರೇ ಹೆಚ್ಚು, ಆದರೆ ಅಂದಾಜಿನ ಅಗತ್ಯವೇ ಇಲ್ಲ. ಕನ್ನಡಕದ ಗಾಜು ಒಂದು ಪೀನ ದರ್ಪಣ. ಅದರಲ್ಲಿ ಏನು ಎಲ್ಲಿ ಕಾಣುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿತ ಲೆಕ್ಕದಿಂದಲೇ ಹೇಳಬಹುದು. ನೆರಳಿನ ಲೆಕ್ಕವನ್ನಂತೂ ಫೋಟೋದಲ್ಲಿರುವ ಮೂಗು ಆಗಲೇ ಮಾಡಿಟ್ಟಿರುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದುಕೊಳ್ಳುತ್ತೇನೆ. ತೆರೆದ ಬಯಲಿನಲ್ಲಿ, ಬಿಸಿಲಿನಲ್ಲಿ ತೆಗೆದ ಫೋಟೋ. ಫೋಟೋ ತೆಗೆದವರು 2 ಮೀಟರ್ ದೂರದಲ್ಲಿ ನಿಂತಿದ್ದಾರೆ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದೆ. ಮುಖ ನಮಗೆ ಕಾಣುವಂತೆ ಬಲಕ್ಕೆ 15 ಡಿಗ್ರಿ ತಿರುಗಿದೆ. ಸೂರ್ಯ ಮುಂದುಗಡೆ, ನಮ್ಮ ಎಡಕ್ಕೆ, ಸುಮಾರು 40 ಡಿಗ್ರಿ ಎತ್ತರದಲ್ಲಿದ್ದಾನೆ. ಮುಂದೆ ‘ಎಡ ಗಾಜು’, ‘ಬಲ ಗಾಜು’ ಎಂದಾಗಲೆಲ್ಲ ಪರದೆಯ ಮೇಲೆ ನಮಗೆ ಕಾಣುವ ಎಡಬಲ ಎಂದು ತಿಳಿಯಬೇಕು. ಕೆಲಸಕ್ಕೆ ಜಿಂಪ್ ಆಗಲಿ ಫೋಟೋಶಾಪ್ ಆಗಲಿ ಸಾಕು. ಇಲ್ಲಿ ಬೇಕಾಗುವ Levels, Multiply, Screen, Gaussian Blur ಎಂಬವು ಎರಡರಲ್ಲೂ ಇದೇ ಹೆಸರಿನಲ್ಲಿವೆ.

ಮೊದಲು ಅಳತೆ

ಒಂದು ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಎಂಬುದು ಮೊದಲು ಗೊತ್ತಾಗಬೇಕು. ಇದಕ್ಕೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವೃತ್ತವೇ ಒಳ್ಳೆಯ ಅಳತೆಕೋಲು. ವಯಸ್ಕರಲ್ಲಿ ಕಣ್ಣಿನ ಬಣ್ಣದ ವೃತ್ತದ ಅಡ್ಡಗಲ ಹೆಚ್ಚುಕಡಿಮೆ 11.8 ಮಿಲಿಮೀಟರ್ ಇರುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದು ತೀರ ಕಡಿಮೆ. ನಮ್ಮ ಫೋಟೋದಲ್ಲಿ ಆ ವೃತ್ತ 118 ಪಿಕ್ಸೆಲ್ ಇದೆ, ಆದ್ದರಿಂದ ಒಂದು ಮಿಲಿಮೀಟರಿಗೆ 10 ಪಿಕ್ಸೆಲ್. ಇನ್ನು ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ಮುಖ ಎಷ್ಟು ತಿರುಗಿದೆ ಎಂಬುದನ್ನು ತಿಳಿಯಲು ನಾನು ಮಾಡುವುದು ಹೀಗೆ. ತೊಡಿಸಬೇಕಾದ ಕನ್ನಡಕವನ್ನೇ ಮನೆಯಲ್ಲಿ ಯಾರಿಗಾದರೂ ಹಾಕಿ, ಕಿಟಕಿಯ ಎದುರು ಕೂರಿಸಿ, ಮೂಗಿನ ತುದಿಯೂ ದೂರದ ಕೆನ್ನೆಯ ಅಂಚೂ ಫೋಟೋದಲ್ಲಿರುವಷ್ಟೇ ಅಂತರಕ್ಕೆ ಬರುವವರೆಗೆ ತಲೆಯನ್ನು ತಿರುಗಿಸಲು ಹೇಳುತ್ತೇನೆ. ಆ ಸ್ಥಿತಿಯಲ್ಲಿ 2 ಮೀಟರ್ ದೂರದಿಂದಲೇ ಕನ್ನಡಕದ ಫೋಟೋ ತೆಗೆದುಕೊಂಡರೆ ಕೋನವೂ ತಿಳಿಯುತ್ತದೆ, ಸರಿಯಾದ ಓರೆಯಲ್ಲಿರುವ ಫ್ರೇಮೂ ಸಿಗುತ್ತದೆ. ನೇರ ಎದುರಿನಿಂದ ತೆಗೆದ ಕನ್ನಡಕದ ಚಿತ್ರವನ್ನು ಎಳೆದು ಓರೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಎಳೆದ ಚಿತ್ರದಲ್ಲಿ ಫ್ರೇಮಿನ ದಪ್ಪ ಕಾಣುವುದಿಲ್ಲ, ಕಡ್ಡಿಗಳು ಮಡಚುವ ಜಾಗ ಸುಳ್ಳಾಗಿ ಕಾಣುತ್ತದೆ.

ಫ್ರೇಮನ್ನು ಕತ್ತರಿಸಿ ಬೇರೆ ಲೇಯರಿಗೆ ತನ್ನಿ. ಎರಡು ಗಾಜುಗಳ ಆಕಾರವನ್ನು ಒಂದೊಂದು ಸೆಲೆಕ್ಷನ್ ಆಗಿ ಉಳಿಸಿಕೊಂಡು ಒಳಭಾಗವನ್ನು ಅಳಿಸಿ. ಮೂಗಿನ ಮೇಲೆ ಕೂರುವ ಜಾಗ ಸರಿಹೋದರೆ ಉಳಿದದ್ದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಕಿವಿಯ ಬಳಿ ಕಡ್ಡಿಯ ಮೇಲೆ ಕೂದಲು ಬರಬೇಕಾದ ಕಡೆ ಮಾಸ್ಕ್ ಹಾಕಿ, ಕೂದಲಿನ ದಿಕ್ಕಿನಲ್ಲೇ ಸಣ್ಣ ಬ್ರಷ್ ಎಳೆದು ಕಡ್ಡಿಯನ್ನು ಮರೆಮಾಡಿ.

ಗಾಜಿನೊಳಗೆ ಕಣ್ಣು ಎಷ್ಟು ಕಾಣಬೇಕು

ಸಾಮಾನ್ಯ ಕಡು ಬಣ್ಣದ ತಂಪು ಕನ್ನಡಕ, ಅಂದರೆ ಅಂತರರಾಷ್ಟ್ರೀಯ ಮಾನದಂಡದಲ್ಲಿ 3ನೇ ವರ್ಗದ್ದು, 8ರಿಂದ 18 ಶೇಕಡಾ ಬೆಳಕನ್ನು ಒಳಗೆ ಬಿಡುತ್ತದೆ. ನಮ್ಮದು 15 ಶೇಕಡಾ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಕಣ್ಣಿನ ಮೇಲೆ ಬೀಳುವ ಬೆಳಕು ಗಾಜನ್ನು ಒಮ್ಮೆ ದಾಟಿ ಒಳಗೆ ಹೋಗಿ, ಚರ್ಮಕ್ಕೆ ತಾಗಿ, ಮತ್ತೊಮ್ಮೆ ಅದೇ ಗಾಜನ್ನು ದಾಟಿ ಹೊರಗೆ ಬರಬೇಕು. ಹದಿನೈದರಲ್ಲಿ ಹದಿನೈದು ಶೇಕಡಾ ಎಂದರೆ 2 ಶೇಕಡಾಕ್ಕಿಂತ ತುಸು ಹೆಚ್ಚು, ಅಷ್ಟೇ. ಬಿಸಿಲು ಬಿದ್ದ ಚರ್ಮ ಫೋಟೋದಲ್ಲಿ 222ರ ಮಟ್ಟದಲ್ಲಿದ್ದರೆ ಗಾಜಿನ ಹಿಂದೆ ಅದು 34ರ ಆಸುಪಾಸಿಗೆ ಇಳಿಯುತ್ತದೆ. ಪಕ್ಕಗಳಿಂದ ನುಸುಳುವ ಬೆಳಕು ಗಾಜನ್ನು ಒಂದೇ ಸಲ ದಾಟುವುದರಿಂದ ಹೊರ ಮೂಲೆಗಳಲ್ಲಿ ಇದಕ್ಕಿಂತ ತುಸು ಹೆಚ್ಚು ಕಾಣಬಹುದು.

ಆದ್ದರಿಂದ ಗಾಜಿನ ಆಕಾರದಲ್ಲಿ ಒಂದು ಲೇಯರ್ ಮಾಡಿ, ಕನ್ನಡಕದ ಬಣ್ಣಕ್ಕೆ ತಕ್ಕ ಕಡು ಕಂದನ್ನೋ ಬೂದನ್ನೋ ತುಂಬಿ, ಅದರ ಮೋಡನ್ನು Multiply ಮಾಡಿ. ಕಣ್ಣುಗಳು ಇವೆಯೆಂಬ ಸುಳಿವು ಮಾತ್ರ ಉಳಿಯುವಷ್ಟು ಕಡುಮಾಡಿದರೆ ಸರಿ. ಅಪಾರದರ್ಶಕತೆಯನ್ನು 60 ಶೇಕಡಾಕ್ಕೆ ಇಳಿಸಿ ಕಣ್ಣನ್ನು ಸ್ಪಷ್ಟವಾಗಿ ಉಳಿಸಿಕೊಳ್ಳುವ ಆಸೆ ಹಲವರಿಗೆ ಇರುತ್ತದೆ. ಹಾಗೆ ಮಾಡಿದ ಕೂಡಲೇ ಗಾಜು ಬಣ್ಣದ ಪ್ಲಾಸ್ಟಿಕ್ ಹಾಳೆಯಂತಾಗುತ್ತದೆ.

ಗಾಜು ಯಾವ ದೃಶ್ಯವನ್ನು ನೋಡುತ್ತಿದೆ

ಗಾಜಿನಲ್ಲಿ ಕಾಣಬೇಕಾದದ್ದು ವ್ಯಕ್ತಿಯ ಹಿಂದಿರುವ ದೃಶ್ಯವಲ್ಲ, ಅವರ ಮುಂದಿರುವುದು, ಎಂದರೆ ಫೋಟೋ ತೆಗೆದವರ ಬೆನ್ನ ಹಿಂದಿನದು. ಫೋಟೋದ ಹಿನ್ನೆಲೆಯನ್ನೇ ಕತ್ತರಿಸಿ ತಿರುಗಿಸಿ ಗಾಜಿಗೆ ತುಂಬಿದ ಚಿತ್ರಗಳನ್ನು ನೀವೂ ನೋಡಿರಬಹುದು. ಹಿಂದಿನ ಮರವೇ ಮುಂದೆಯೂ ಕಂಡಾಗ ಏಕೆಂದು ಹೇಳಲು ಬಾರದಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲ ಎನ್ನಿಸಿಬಿಡುತ್ತದೆ.

ಎಷ್ಟು ಅಗಲದ ದೃಶ್ಯ ಬೇಕು? ಸಾಮಾನ್ಯ ತಂಪು ಕನ್ನಡಕದ ಗಾಜಿನ ಉಬ್ಬು 88 ಮಿಲಿಮೀಟರ್ ತ್ರಿಜ್ಯದ ಗೋಲದ ತುಣುಕಿನಂತಿರುತ್ತದೆ. ಕನ್ನಡಕದವರು ಇದನ್ನು 6 ಬೇಸ್ ಎನ್ನುತ್ತಾರೆ. ನಮ್ಮ ಗಾಜಿನ ಅಗಲ 54 ಮಿಲಿಮೀಟರ್, ಎತ್ತರ 42 ಮಿಲಿಮೀಟರ್. ನಡುವಿನಿಂದ ಅಂಚಿಗೆ 27 ಮಿಲಿಮೀಟರ್ ಸರಿದರೆ ಗಾಜಿನ ಮೇಲ್ಮೈ 18 ಡಿಗ್ರಿ ಹೊರಳುತ್ತದೆ. ಕನ್ನಡಿ ಎಷ್ಟು ಹೊರಳುತ್ತದೆಯೋ ಅದರ ಎರಡರಷ್ಟು ಪ್ರತಿಫಲಿತ ಕಿರಣ ಹೊರಳುವುದರಿಂದ ಅಂಚಿನಲ್ಲಿ ಕಾಣುವುದು 36 ಡಿಗ್ರಿ ಪಕ್ಕದ ದೃಶ್ಯ. ಎರಡೂ ಬದಿ ಸೇರಿದರೆ 72 ಡಿಗ್ರಿ. ಫೋನಿನ ಮುಖ್ಯ ಕ್ಯಾಮೆರಾ ಒಂದು ಫೋಟೋದಲ್ಲಿ ಹಿಡಿಯುವ ಅಗಲ ಹೆಚ್ಚುಕಡಿಮೆ ಇಷ್ಟೇ ಎಂಬುದನ್ನು ನೆನಪಿಟ್ಟುಕೊಂಡರೆ ಕಣ್ಣಿಗೆ ಒಂದು ಅಂದಾಜು ಬರುತ್ತದೆ. ಮುಖಕ್ಕೆ ಸುತ್ತಿಕೊಳ್ಳುವ ಆಟಗಾರರ ಕನ್ನಡಕದಲ್ಲಿ ಉಬ್ಬು ಹೆಚ್ಚು, ತ್ರಿಜ್ಯ 66 ಮಿಲಿಮೀಟರ್. ಅಲ್ಲಿ ಸುಮಾರು 97 ಡಿಗ್ರಿ ಕಾಣುತ್ತದೆ. ಹೆಚ್ಚುಕಡಿಮೆ ಚಪ್ಪಟೆಯಾದ ಗಾಜಿನಲ್ಲಿ 20–25 ಡಿಗ್ರಿಯಷ್ಟೇ ಕಾಣುವುದರಿಂದ ಅಂಥ ಕನ್ನಡಕದಲ್ಲಿ ಇಡೀ ಬಯಲನ್ನು ತುಂಬಿದರೆ ಅದು ತಪ್ಪು.

ಇನ್ನು ದಿಕ್ಕು. ಎರಡರಷ್ಟು ಹೊರಳುವ ಈ ನಿಯಮ ಇಲ್ಲಿಯೂ ಕೆಲಸ ಮಾಡುತ್ತದೆ. ಮುಖ 15 ಡಿಗ್ರಿ ತಿರುಗಿದ್ದರೆ ಗಾಜು ತೋರಿಸುವುದು ಕ್ಯಾಮೆರಾದಿಂದ 30 ಡಿಗ್ರಿ ಪಕ್ಕದ ದೃಶ್ಯವನ್ನು. ಅದಲ್ಲದೆ ಎರಡು ಗಾಜುಗಳು ಒಂದೇ ಸಮತಲದಲ್ಲಿ ಇರುವುದಿಲ್ಲ. ಮೂಗಿನಿಂದ ಹೊರಕ್ಕೆ ಪ್ರತಿಯೊಂದೂ ಸುಮಾರು 5 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ. ಹೀಗಾಗಿ ನಮ್ಮ ಎಡ ಗಾಜು 10 ಡಿಗ್ರಿ, ಬಲ ಗಾಜು 20 ಡಿಗ್ರಿ ಬಲಕ್ಕೆ ನೋಡುತ್ತಿವೆ. ಅವು ತೋರಿಸುವ ದೃಶ್ಯದ ನಡುಭಾಗ ಕ್ರಮವಾಗಿ 20 ಮತ್ತು 40 ಡಿಗ್ರಿ ಪಕ್ಕದ್ದು. ಎರಡು ಗಾಜುಗಳಲ್ಲಿ ಒಂದೇ ಪ್ರತಿಬಿಂಬ ಅಂಟಿಸುವುದು ಏಕೆ ಸುಳ್ಳಾಗಿ ಕಾಣುತ್ತದೆ ಎಂಬುದಕ್ಕೆ ಕಾರಣ ಈ 20 ಡಿಗ್ರಿಯ ವ್ಯತ್ಯಾಸವೇ. ಹಿಂದೊಮ್ಮೆ ನಾನು ಹೀಗೆ ಮಾಡಿ ಕೊಟ್ಟ ಚಿತ್ರ ಮರಳಿ ಬಂದಿತ್ತು. ಚಿತ್ರಕಲೆಯ ಗಂಧವೂ ಇಲ್ಲದ ಗ್ರಾಹಕರೊಬ್ಬರು ‘ಎರಡು ಗಾಜಲ್ಲೂ ಅದೇ ಕಂಬ ಅದೇ ಜಾಗದಲ್ಲಿದೆ’ ಎಂದು ಬೆರಳಿಟ್ಟು ತೋರಿಸಿದ್ದರು. ಅಂದಿನಿಂದ ಈ ಲೆಕ್ಕವನ್ನು ಬಿಟ್ಟು ಕೆಲಸ ಮಾಡಿಲ್ಲ.

ದೃಶ್ಯವನ್ನು ಹಿಡಿಯಲು ಫೋನಿನ ಪನೋರಮಾ ಬಹಳ ಅನುಕೂಲ, ಏಕೆಂದರೆ ಅದರಲ್ಲಿ ಪ್ರತಿ ಡಿಗ್ರಿಗೂ ಅಡ್ಡಲಾಗಿ ಒಂದೇ ಸಂಖ್ಯೆಯ ಪಿಕ್ಸೆಲ್ ಇರುತ್ತದೆ. ವ್ಯಕ್ತಿ ನಿಂತಿದ್ದ ಜಾಗದಲ್ಲಿ ನಿಂತು, ಕ್ಯಾಮೆರಾ ಇದ್ದ ದಿಕ್ಕಿಗೆ ಮುಖಮಾಡಿ, ಅದೇ ಹೊತ್ತಿನ ಬಿಸಿಲಿನಲ್ಲಿ, ಕಣ್ಣಿನ ಎತ್ತರದಲ್ಲಿ ಪನೋರಮಾ ತೆಗೆಯಿರಿ. ಹಾಗೆ ನಿಂತಾಗ ನಮ್ಮ ಉದಾಹರಣೆಯಲ್ಲಿ ಬೇಕಾದ ದೃಶ್ಯ ನಿಮ್ಮ ಎಡಗಡೆ ಇರುತ್ತದೆ. ಫೋಟೋದಲ್ಲಿ ಮುಖ ಬಲಕ್ಕೆ ತಿರುಗಿದೆಯೆಂದರೆ ಆ ವ್ಯಕ್ತಿ ತನ್ನ ಎಡಕ್ಕೆ ತಿರುಗಿದ್ದಾರೆ ಎಂದರ್ಥ. ಎಡ ಗಾಜಿಗೆ ಬಲಕ್ಕೆ 16 ಡಿಗ್ರಿಯಿಂದ ಎಡಕ್ಕೆ 56 ಡಿಗ್ರಿಯವರೆಗಿನ ತುಂಡು ಬೇಕು, ಬಲ ಗಾಜಿಗೆ ಎಡಕ್ಕೆ 4 ಡಿಗ್ರಿಯಿಂದ 76 ಡಿಗ್ರಿಯವರೆಗಿನದು. ಪನೋರಮಾ 180 ಡಿಗ್ರಿಗೆ 9000 ಪಿಕ್ಸೆಲ್ ಇದ್ದರೆ ಒಂದು ಡಿಗ್ರಿಗೆ 50 ಪಿಕ್ಸೆಲ್, ಒಂದೊಂದು ತುಂಡು 3600 ಪಿಕ್ಸೆಲ್. ಮೂಲ ಜಾಗಕ್ಕೆ ಮರಳಿ ಹೋಗಲಾಗದಿದ್ದರೆ ಬೇರೆ ಬಯಲಿನ ಪನೋರಮಾ ಬಳಸಬಹುದು, ಆದರೆ ಅದರಲ್ಲಿ ಸೂರ್ಯ ಅದೇ ಬದಿಯಲ್ಲಿ, ಅಷ್ಟೇ ಎತ್ತರದಲ್ಲಿ ಇರಲೇಬೇಕು. ನೆಲದ ಬಣ್ಣವೂ ಹೊಂದಬೇಕು. ಫೋಟೋದಲ್ಲಿ ಹುಲ್ಲಿದ್ದು ಗಾಜಿನಲ್ಲಿ ಡಾಂಬರು ಕಾಣಬಾರದು.

ಪ್ರತಿಬಿಂಬವನ್ನು ಕೂರಿಸುವುದು

ಎರಡೂ ತುಂಡುಗಳನ್ನು ಮೊದಲು ಎಡಬಲ ಅದಲುಬದಲು ಮಾಡಿ. ಕನ್ನಡಿಯಲ್ಲಿ ಅಕ್ಷರ ತಿರುವುಮುರುವಾಗಿ ಕಾಣುವಂತೆ ಇಲ್ಲಿಯೂ ಕಾಣಬೇಕು. ದೃಶ್ಯದಲ್ಲಿ ಫಲಕವೇನಾದರೂ ಇದ್ದರೆ ಇದನ್ನು ಮರೆತದ್ದು ತಕ್ಷಣ ಸಿಕ್ಕಿಬೀಳುತ್ತದೆ. ನಂತರ 15 ಶೇಕಡಾ ಅಳತೆಗೆ ಕುಗ್ಗಿಸಿ. 3600 ಪಿಕ್ಸೆಲ್ ಈಗ 540 ಆಗಿ ಗಾಜಿನ 54 ಮಿಲಿಮೀಟರಿಗೆ ಸರಿಹೊಂದುತ್ತದೆ. ಬಲ ಗಾಜು ಹೆಚ್ಚು ಓರೆಯಾಗಿರುವುದರಿಂದ ಅದು ಸುಮಾರು 510 ಪಿಕ್ಸೆಲ್ ಅಷ್ಟೇ ಕಾಣುತ್ತದೆ, ಅದರ ತುಂಡನ್ನು ಅಡ್ಡಲಾಗಿ ಅಷ್ಟಕ್ಕೆ ಒತ್ತಬೇಕು.

ಉಬ್ಬು ಗಾಜು ಎಂದಾಕ್ಷಣ Spherize ಫಿಲ್ಟರ್ ಹಾಕುವ ರೂಢಿ ಇದೆ. ಅದು ಇಲ್ಲಿ ಬೇಡ. ಪನೋರಮಾದಿಂದ ತೆಗೆದ ತುಂಡಿನಲ್ಲಿ ಡಿಗ್ರಿಗಳು ಸಮ ಅಂತರದಲ್ಲಿವೆ. 88 ಮಿಲಿಮೀಟರ್ ತ್ರಿಜ್ಯದ ಗಾಜಿನ ಈ ಸಣ್ಣ ಭಾಗದಲ್ಲಿಯೂ ಪ್ರತಿಬಿಂಬದ ಡಿಗ್ರಿಗಳು ಹೆಚ್ಚುಕಡಿಮೆ ಸಮ ಅಂತರದಲ್ಲೇ ಇರುತ್ತವೆ, ಅಂಚಿನವರೆಗೆ ಹೋದರೂ ವ್ಯತ್ಯಾಸ 2 ಶೇಕಡಾ ಮೀರುವುದಿಲ್ಲ. ಉಳಿಯುವ ಕೆಲಸವೆಂದರೆ ಬದಿಯ ಕಂಬ, ಮರ, ಗೋಡೆಗಳ ನೆಟ್ಟಗಿನ ಗೆರೆಗಳು ಗಾಜಿನ ಅಂಚಿನ ಕಡೆಗೆ ತುಸು ಹೊಟ್ಟೆ ಬಿಟ್ಟಂತೆ ಬಾಗುವಂತೆ ಮಾಡುವುದು. ಜಿಂಪ್‌ನಲ್ಲಿ Warp Transform ಉಪಕರಣದಿಂದ ದೊಡ್ಡ ಬ್ರಷ್‌ನಲ್ಲಿ ನಾಲ್ಕೈದು ಪಿಕ್ಸೆಲ್ ತಳ್ಳಿದರೆ ಸಾಕು.

ದಿಗಂತದ ರೇಖೆ ಎಲ್ಲಿರಬೇಕು ಎಂಬುದರಲ್ಲಿ ಬಹಳ ಮಂದಿ ಎಡವುತ್ತಾರೆ. ಗಾಜಿನ ನಡುವೆ ಇಟ್ಟುಬಿಡುವುದು ಸಹಜವೆನಿಸುತ್ತದೆ, ಆದರೆ ಕನ್ನಡಕದ ಗಾಜು ನೆಟ್ಟಗೆ ನಿಲ್ಲುವುದಿಲ್ಲ. ಅದರ ಕೆಳ ಅಂಚು ಕೆನ್ನೆಯ ಕಡೆಗೆ ವಾಲಿರುತ್ತದೆ. ಆ ವಾಲು 8 ಡಿಗ್ರಿ ಇದ್ದರೆ ಗಾಜಿನ ನಡುಭಾಗ 16 ಡಿಗ್ರಿ ಕೆಳಗಿನ ನೆಲವನ್ನು ತೋರಿಸುತ್ತದೆ. ದಿಗಂತ ನಡುವಿನಿಂದ 12 ಮಿಲಿಮೀಟರ್ ಮೇಲೆ, ಎಂದರೆ ಗಾಜಿನ ಮೇಲಂಚಿನಿಂದ 9 ಮಿಲಿಮೀಟರ್ ಕೆಳಗೆ ಬರುತ್ತದೆ. ಆಕಾಶಕ್ಕೆ ಸಿಗುವುದು ಗಾಜಿನ ಮೇಲಿನ ಐದನೇ ಒಂದು ಭಾಗ ಮಾತ್ರ, ಉಳಿದದ್ದೆಲ್ಲ ನೆಲ. ವ್ಯಕ್ತಿ ಗದ್ದವನ್ನು ಎತ್ತಿದ್ದರೆ ಮಾತ್ರ ದಿಗಂತ ಕೆಳಗಿಳಿಯುತ್ತದೆ. ಸರಿಯಾಗಿ 8 ಡಿಗ್ರಿ ಎತ್ತಿದಾಗ ನಡುವಿಗೆ ಬರುತ್ತದೆ. ನಮ್ಮ ಫೋಟೋದಲ್ಲಿ ತಲೆ ನೆಟ್ಟಗಿರುವುದರಿಂದ ತುಂಡನ್ನು ಅದಕ್ಕೆ ತಕ್ಕಂತೆ ಮೇಲಕ್ಕೆ ಸರಿಸಿ. ಗಾಜಿನ ತಳದಲ್ಲಿ ನೆಲ ಕಡಿಮೆ ಬಿದ್ದರೆ ಕ್ಲೋನ್ ಮಾಡಿ ತುಂಬಿ.

ಇಲ್ಲಿ ಬಿಟ್ಟುಹೋಗುವ ಇನ್ನೊಂದು ಮುಖ್ಯ ವಸ್ತು ಫೋಟೋ ತೆಗೆದವರು. ಅವರು ಪನೋರಮಾದಲ್ಲಿ ಇರುವುದಿಲ್ಲ, ಆದರೆ ಗಾಜಿನಲ್ಲಿ ಇರಲೇಬೇಕು. 2 ಮೀಟರ್ ದೂರದಲ್ಲಿ ನಿಂತ ಅರ್ಧ ಮೀಟರ್ ಅಗಲದ ದೇಹ ಈ ಗಾಜಿನಲ್ಲಿ ಸುಮಾರು 11 ಮಿಲಿಮೀಟರ್, ಎಂದರೆ 110 ಪಿಕ್ಸೆಲ್ ಅಗಲ ಕಾಣುತ್ತದೆ. ಇದು ಕಡೆಗಣಿಸುವಷ್ಟು ಸಣ್ಣದಲ್ಲ. ಎಡ ಗಾಜಿನಲ್ಲಿ ಅವರ ಸ್ಥಾನ ಹೊರ ಅಂಚಿನಿಂದ 12 ಮಿಲಿಮೀಟರ್ ಒಳಗೆ. ಕ್ಯಾಮೆರಾ ಹಿಡಿದ ತಲೆ ದಿಗಂತದ ಮಟ್ಟದಲ್ಲಿ, ಅಲ್ಲಿಂದ ದೇಹ ಗಾಜಿನ ಕೆಳ ಅಂಚಿನವರೆಗೂ ಇಳಿಯುತ್ತದೆ. ಬಲ ಗಾಜು ಹೆಚ್ಚು ತಿರುಗಿರುವುದರಿಂದ ಅದರಲ್ಲಿ ಅವರು ಅಂಚಿನಾಚೆಗೆ ಬೀಳುತ್ತಾರೆ. ಹೆಚ್ಚೆಂದರೆ ಒಂದು ಭುಜದ ತುಣುಕು ಕಾಣಬಹುದು. ಸೂರ್ಯ ಅವರ ಹಿಂದಿನ ಬದಿಯಲ್ಲಿರುವುದರಿಂದ ಮುಖ, ಬಟ್ಟೆ ಯಾವುದನ್ನೂ ಬಿಡಿಸಬೇಕಿಲ್ಲ, ಕಪ್ಪು ಆಕೃತಿ ಬರೆದರೆ ಸಾಕು. ಆ ಕಪ್ಪು ಆಕೃತಿಯೊಳಗೆ ಪ್ರತಿಬಿಂಬದ ಬೆಳಕು ಇಲ್ಲದ ಕಾರಣ, ಗಾಜಿನ ಹಿಂದಿರುವ ಕಣ್ಣಿನ ಮೂಲೆಯೋ ರೆಪ್ಪೆಯ ಗೆರೆಯೋ ಅಲ್ಲಿ ಮಾತ್ರ ಮಸುಕಾಗಿ ತೋರುತ್ತದೆ. ನಿಜವಾದ ಫೋಟೋಗಳಲ್ಲಿ ಇದನ್ನು ಗಮನಿಸಿ ನೋಡಿ; ನನಗೆ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ವಿವರ ಇದು.

ಪ್ರತಿಬಿಂಬದ ಪ್ರಖರತೆಗೆ ಬರೋಣ. ಲೇಪನವಿಲ್ಲದ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4 ಶೇಕಡಾವನ್ನಷ್ಟೇ ಮರಳಿ ಕಳಿಸುತ್ತದೆ. ಪರದೆಯ ಸಂಖ್ಯೆಗಳಲ್ಲಿ ಹೇಳುವುದಾದರೆ 255 ಇದ್ದ ಬಿಳಿ 56ಕ್ಕೆ ಇಳಿಯುತ್ತದೆ, 118 ಇದ್ದ ಮಧ್ಯಮ ಬೂದು 20ಕ್ಕೆ. ಪ್ರತಿಬಿಂಬದ ಲೇಯರಿಗೆ Levels ತೆರೆದು Input Levels ಸಾಲಿನ ನಡುವಿನ ಸಂಖ್ಯೆಯನ್ನು 1ರಿಂದ 0.75ಕ್ಕೆ, Output Levels ಸಾಲಿನ ಬಲಗಡೆಯ ಸಂಖ್ಯೆಯನ್ನು 255ರಿಂದ 56ಕ್ಕೆ ಇಳಿಸಿ, ಲೇಯರಿನ ಮೋಡನ್ನು Screen ಮಾಡಿ. ಈ ಲೇಯರ್ ಗಾಜಿನ ಬಣ್ಣದ ಲೇಯರಿನ ಮೇಲೆ ಇರಬೇಕು, ಕೆಳಗಲ್ಲ. ಪ್ರತಿಬಿಂಬ ಹುಟ್ಟುವುದು ಗಾಜಿನ ಹೊರಮೈಯಲ್ಲಿ. ಅದು ಗಾಜಿನ ಬಣ್ಣವನ್ನು ದಾಟುವುದೇ ಇಲ್ಲ. ಕಂದು ಗಾಜಿನಲ್ಲಿಯೂ ಆಕಾಶ ನೀಲಿಯಾಗಿಯೇ ಹೊಳೆಯುತ್ತದೆ. ಕನ್ನಡಿಯಂಥ ಬಣ್ಣದ ಲೇಪನವಿರುವ ಕನ್ನಡಕವಾದರೆ ಲೆಕ್ಕ ಬೇರೆ. ಅಲ್ಲಿ ಪ್ರತಿಬಿಂಬ ಹಲವು ಪಟ್ಟು ಪ್ರಖರವಾಗಿ, ಲೇಪನದ ಬಣ್ಣದಲ್ಲೇ ಬರುತ್ತದೆ, ಕಣ್ಣು ಕಾಣುವುದೇ ಇಲ್ಲ.

ಆಕಾಶಕ್ಕೆ ಮಾತ್ರ ಒಂದು ತಿದ್ದುಪಡಿ ಬೇಕು. ಮುಖಕ್ಕೆ ತಕ್ಕ ಬೆಳಕಿನ ಅಳತೆಯಲ್ಲಿ ತೆಗೆದ ಚಿತ್ರದಲ್ಲಿ ಆಕಾಶ 255ಕ್ಕೆ ತಾಗಿ ನಿಂತುಬಿಡುತ್ತದೆ, ಆದರೆ ನಿಜದಲ್ಲಿ ಅದು ಅದಕ್ಕಿಂತ ಮೂರು ನಾಲ್ಕು ಪಟ್ಟು ಪ್ರಖರವಾಗಿರಬಹುದು. ನಾಲ್ಕು ಪಟ್ಟಿದ್ದರೆ ಗಾಜಿನಲ್ಲಿ ಅದರ ಮಟ್ಟ 110ರ ಆಸುಪಾಸು. ಆದ್ದರಿಂದ ದಿಗಂತದ ಮೇಲಿನ ಪಟ್ಟಿಯನ್ನು ಬೇರೆ ಮಾಸ್ಕಿನಲ್ಲಿ ಹಿಡಿದು ಅಷ್ಟಕ್ಕೆ ಏರಿಸಿ. ಮೇಲೆ ಪ್ರಕಾಶಮಾನವಾದ ಸಣ್ಣ ಪಟ್ಟಿ, ಕೆಳಗೆ ಬಹುತೇಕ ಕಪ್ಪಿನಲ್ಲಿ ಅಡಗಿದ ನೆಲ: ಗಾಜು ಗಾಜಿನಂತೆ ಕಾಣುವುದು ಈ ವ್ಯತ್ಯಾಸದಿಂದಲೇ.

ಪ್ರತಿಬಿಂಬವನ್ನು ಮಸುಕುಗೊಳಿಸಬೇಕೆ? ದೂರದ ದೃಶ್ಯವಾದ್ದರಿಂದ ಮಸುಕಾಗಿರಬೇಕೆಂದು ತೋರುತ್ತದೆ, ಆದರೆ ಪೀನ ದರ್ಪಣದಲ್ಲಿ ದೂರದ ವಸ್ತುವಿನ ಬಿಂಬ ಮೂಡುವುದು ತ್ರಿಜ್ಯದ ಅರ್ಧದಷ್ಟು, ಎಂದರೆ ಗಾಜಿನಿಂದ 44 ಮಿಲಿಮೀಟರ್ ಹಿಂದೆ. ಅದು ಕಣ್ಣಿನ ಹೊರಮೂಲೆಗೂ ಕಿವಿಗೂ ನಡುವಿನ ಜಾಗ. ನಿಮ್ಮ ಫೋಟೋದಲ್ಲಿ ಆ ಭಾಗದ ಚರ್ಮ, ಕೂದಲು ಎಷ್ಟು ಸ್ಪಷ್ಟವೋ ಪ್ರತಿಬಿಂಬವೂ ಅಷ್ಟೇ ಸ್ಪಷ್ಟವಾಗಿರಲಿ.

ಗಾಜಿನ ಮೇಲೆ ಸೂರ್ಯನ ನಕ್ಷತ್ರದಂಥ ಹೊಳಪನ್ನು ಹಾಕುವ ಮೊದಲು ಅದು ಅಲ್ಲಿ ಬರಲು ಸಾಧ್ಯವೇ ಎಂದು ನೋಡಿ. 40 ಡಿಗ್ರಿ ಎತ್ತರದ ಸೂರ್ಯ ಕಾಣಬೇಕಾದರೆ ಗಾಜಿನ ಮೈ ಎಲ್ಲೋ ಒಂದು ಕಡೆ 20 ಡಿಗ್ರಿ ಮೇಲಕ್ಕೆ ಮುಖಮಾಡಿರಬೇಕು. ನಮ್ಮ ಗಾಜಿನ ಮೇಲಂಚು ಕೂಡ 6 ಡಿಗ್ರಿಯಷ್ಟೇ ಮೇಲೆ ನೋಡುತ್ತದೆ. ಆದ್ದರಿಂದ ಗಾಜಿನಲ್ಲಿ ಸೂರ್ಯನಿಲ್ಲ. ಹೊಳಪು ಬರುವುದು ಫ್ರೇಮಿನ ದುಂಡಗಿನ ಮೇಲಂಚಿನಲ್ಲಿ. ಸೂರ್ಯ ತಗ್ಗಿನಲ್ಲಿದ್ದು ಬಿಂಬ ಗಾಜಿನೊಳಗೆ ಬೀಳುವಂತಿದ್ದರೂ ಅದರ ಗಾತ್ರ 0.4 ಮಿಲಿಮೀಟರ್, ಎಂದರೆ 4 ಪಿಕ್ಸೆಲಿನ ಒಂದು ಚುಕ್ಕೆ.

ಕೆನ್ನೆಯ ಮೇಲಿನ ನೆರಳು

ನೆರಳಿಗೆ ಮೂಗನ್ನು ಕೇಳಬೇಕು. ಮೂಗಿನ ತುದಿಯಿಂದ ಅದರ ನೆರಳಿನ ತುದಿಗೆ ಒಂದು ಗೆರೆ ಎಳೆಯಿರಿ. ನಮ್ಮ ಫೋಟೋದಲ್ಲಿ ಅದು ಬಲಕ್ಕೂ ಕೆಳಕ್ಕೂ ಓರೆಯಾಗಿ 200 ಪಿಕ್ಸೆಲ್ ಉದ್ದವಿದೆ. ಕನ್ನಡಕದ ಪ್ರತಿ ಬಿಂದುವಿನ ನೆರಳೂ ಇದೇ ದಿಕ್ಕಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಆ ಬಿಂದು ಚರ್ಮದಿಂದ ಎಷ್ಟು ಮುಂದೆ ನಿಂತಿದೆ ಎಂಬುದನ್ನು ಅವಲಂಬಿಸಿದೆ. ಮೂಗಿನ ತುದಿ ಅಕ್ಕಪಕ್ಕದ ಚರ್ಮಕ್ಕಿಂತ ಅಂದಾಜು 20 ಮಿಲಿಮೀಟರ್ ಮುಂದಿದ್ದು ಅದರ ನೆರಳು 200 ಪಿಕ್ಸೆಲ್ ಸರಿದಿದ್ದರೆ, ಒಂದೊಂದು ಮಿಲಿಮೀಟರ್ ಅಂತರಕ್ಕೆ 10 ಪಿಕ್ಸೆಲ್ ಸರಿಯುತ್ತದೆ ಎಂದು ಹಿಡಿಯಬಹುದು.

ಈಗ ಫ್ರೇಮಿನ ಕೆಳ ಅಂಚನ್ನು ಬೆರಳಿನಿಂದ ತಡವುವಂತೆ ಮನಸ್ಸಿನಲ್ಲೇ ತಡವಿ ನೋಡಿ. ಮೂಗಿನ ಬಳಿ ಅದು ಚರ್ಮಕ್ಕೆ ತಾಗಿದೆ, ಅಂತರ ಸೊನ್ನೆ. ಕೆನ್ನೆಯ ಉಬ್ಬಿನ ಎದುರು 8 ಮಿಲಿಮೀಟರ್ ಇರಬಹುದು. ಹೊರ ಮೂಲೆಯಲ್ಲಿ ಮುಖ ಹಿಂದಕ್ಕೆ ಬಾಗುವುದರಿಂದ ಅಂತರ 15 ಮಿಲಿಮೀಟರ್ ದಾಟುತ್ತದೆ. ಆದ್ದರಿಂದ ನೆರಳು ಮೂಗಿನ ಬಳಿ ಫ್ರೇಮಿಗೇ ಅಂಟಿಕೊಂಡು ಶುರುವಾಗಿ, ಕೆನ್ನೆಯ ನಡುವೆ 80 ಪಿಕ್ಸೆಲ್ ಜಾರಿ, ಹೊರ ಮೂಲೆಯಲ್ಲಿ 150 ಪಿಕ್ಸೆಲ್ ದೂರ ಹೋಗುತ್ತದೆ. ಫ್ರೇಮಿನ ನಕಲನ್ನು ಇಡಿಯಾಗಿ ಒಂದೇ ಸಮ ಕೆಳಕ್ಕೆ ಸರಿಸಿದ ನೆರಳು ಕಾಗದದ ಮುಖವಾಡದ ಮೇಲೆ ಬಿದ್ದಂತೆ ಕಾಣಲು ಇದೇ ಕಾರಣ.

ಮಾಡುವ ಕ್ರಮ ಹೀಗಿದೆ. ಫ್ರೇಮ್ ಮತ್ತು ಗಾಜುಗಳ ಆಕಾರವನ್ನು ಬೇರೆ ಬೇರೆ ಎರಡು ಲೇಯರುಗಳಲ್ಲಿ ಒಂದೇ ಬಣ್ಣದಿಂದ ತುಂಬಿ, ಕನ್ನಡಕದ ಕೆಳಗೆ, ಮುಖದ ಮೇಲೆ ಇಟ್ಟು, ಮೋಡನ್ನು Multiply ಮಾಡಿ. ಎರಡನ್ನೂ ಒಟ್ಟಿಗೆ ಮೂಗಿನ ನೆರಳಿನ ದಿಕ್ಕಿನಲ್ಲಿ 80 ಪಿಕ್ಸೆಲ್ ಸರಿಸಿ, ನಂತರ Warp Transform ಉಪಕರಣದಿಂದ ಒಳ ಮೂಲೆಯನ್ನು ಮರಳಿ ಮೂಗಿನ ಕಡೆಗೆ ಎಳೆದು, ಹೊರ ಮೂಲೆಯನ್ನು ಮುಂದಕ್ಕೆ ತಳ್ಳಿ. ಕೆನ್ನೆ ಉಬ್ಬಿದ ಕಡೆ ನೆರಳಿನ ಅಂಚು ತುಸು ಮೇಲಕ್ಕೆ ಡೊಂಕಾಗಬೇಕು. ಕಡ್ಡಿಯ ನೆರಳನ್ನು ಕಪೋಲದ ಮೇಲೆ ಪ್ರತ್ಯೇಕವಾಗಿ, ತೆಳುವಾದ ಪಟ್ಟಿಯಾಗಿ ಬರೆಯಿರಿ.

ಬಣ್ಣವನ್ನು ಫೋಟೋದಿಂದಲೇ ಪಡೆಯಬೇಕು; ಕಪ್ಪು ತುಂಬಿ ಅಪಾರದರ್ಶಕತೆ ಇಳಿಸಿದ ನೆರಳು ಚರ್ಮದ ಮೇಲೆ ಬೂದಿಯಂತೆ ಕೂರುತ್ತದೆ. ಬಿಸಿಲು ಬಿದ್ದ ಕೆನ್ನೆ 222, 172, 140 ಇದೆ, ಮೂಗಿನ ನೆರಳಿನೊಳಗಿನ ಚರ್ಮ 128, 92, 80 ಇದೆ ಎಂದುಕೊಳ್ಳಿ. ನೆರಳನ್ನು ಬೆಳಕಿನಿಂದ ಭಾಗಿಸಿದರೆ ತುಂಬಬೇಕಾದ ಬಣ್ಣ ಸಿಗುತ್ತದೆ:

```
R = 128 / 222 * 255 = 147
G =  92 / 172 * 255 = 136
B =  80 / 140 * 255 = 146
```

ಈ ಮಾಸಲು ನೇರಳೆಯನ್ನು ಪ್ರತ್ಯೇಕವಾಗಿ ನೋಡಿದರೆ ನೆರಳಿನ ಬಣ್ಣವೆಂದು ಅನ್ನಿಸದು, ಆದರೆ ಕೆನ್ನೆಯ ಮೇಲೆ ಗುಣಿಸಿದಾಗ ಮೂಗಿನ ನೆರಳಿಗೆ ತದ್ರೂಪವಾಗಿ ಕೂರುತ್ತದೆ. ಫ್ರೇಮಿನ ನೆರಳಿಗೆ ಇದನ್ನು ಪೂರ್ತಿ ಬಲದಲ್ಲಿ ಇಡಿ. ಗಾಜು ಒಂದಿಷ್ಟು ಬಿಸಿಲನ್ನು ಒಳಗೆ ಬಿಡುವುದರಿಂದ ಗಾಜಿನ ನೆರಳು ಫ್ರೇಮಿನದಕ್ಕಿಂತ ಒಂದು ಎಳೆ ತೆಳು. ಆ ಲೇಯರಿನ ಅಪಾರದರ್ಶಕತೆ 80–85 ಶೇಕಡಾ ಸಾಕು. ಕಡು ನೆರಳಿನ ಫ್ರೇಮ್ ಗೆರೆ ಮತ್ತು ಅದರೊಳಗೆ ತುಸು ತಿಳಿಯಾದ ಗಾಜಿನ ಕಲೆ, ಇವೆರಡೂ ಬೇರೆಯಾಗಿ ಕಂಡರೆ ಮಾತ್ರ ಅದು ತಂಪು ಕನ್ನಡಕದ ನೆರಳು.

ಅಂಚಿನ ಮೃದುತ್ವದಲ್ಲಿ ಹೆಚ್ಚಿನವರು ಕೈ ಸಡಿಲ ಬಿಡುತ್ತಾರೆ. ಸೂರ್ಯನ ಬಿಂಬದ ಅಗಲ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಇರುವುದರಿಂದ ನೆರಳಿನ ಅಂಚು ಮಸುಕಾಗುವುದು ಬೆಳಕು ಸಾಗುವ ಅಂತರದ ನೂರರಲ್ಲಿ ಒಂದು ಪಾಲಿನಷ್ಟು. ಫ್ರೇಮಿನಿಂದ ಕೆನ್ನೆಗೆ ಬೆಳಕಿನ ದಾರಿ 20 ಮಿಲಿಮೀಟರ್ ಇದ್ದರೆ ಮಸುಕು 0.2 ಮಿಲಿಮೀಟರ್, ಎಂದರೆ 2 ಪಿಕ್ಸೆಲ್. Gaussian Blur ಅನ್ನು 2 ಪಿಕ್ಸೆಲಿಗೆ ಹಾಕಿ, ಹೊರ ಮೂಲೆಯಲ್ಲಿ ಬೇಕಿದ್ದರೆ 3, ಇಪ್ಪತ್ತು ಮೂವತ್ತಲ್ಲ. ಆದರೆ ಚರ್ಮ ಕಾಗದವಲ್ಲ, ಬೆಳಕು ಅದರೊಳಗೆ ಒಂದಿಷ್ಟು ಹರಡುತ್ತದೆ, ಅದರಲ್ಲೂ ಕೆಂಪು ಹೆಚ್ಚು ದೂರ ಹರಡುತ್ತದೆ. ಫೋಟೋವನ್ನು ಹಿಗ್ಗಿಸಿ ಮೂಗಿನ ನೆರಳಿನ ಅಂಚನ್ನು ನೋಡಿದರೆ ಬೆಳಕಿಗೂ ನೆರಳಿಗೂ ನಡುವೆ ಕೆಂಪಗಿನ ಸಣ್ಣ ಎಳೆ ಕಾಣುತ್ತದೆ. ನೆರಳಿನ ಅಂಚಿಗುಂಟ 8–10 ಪಿಕ್ಸೆಲ್ ಅಗಲದ ಮೃದು ಬ್ರಷ್‌ನಿಂದ ಅದೇ ಕೆಂಪನ್ನು ಅತಿ ತೆಳುವಾಗಿ ಎಳೆದರೆ ನೆರಳು ಚರ್ಮದೊಳಕ್ಕೆ ಇಳಿಯುತ್ತದೆ.

ಎರಡು ತಪ್ಪುಗಳು ಕೊನೆಯವರೆಗೂ ಕಣ್ಣು ತಪ್ಪಿಸುತ್ತವೆ. ಮೊದಲನೆಯದು, ಕನ್ನಡಕದ ನೆರಳು ಮೂಗಿನ ನೆರಳಿನ ಮೇಲೆ ಬಿದ್ದ ಕಡೆ ಎರಡು ಪಟ್ಟು ಕಪ್ಪಾಗುವುದು. ಇರುವುದು ಒಬ್ಬನೇ ಸೂರ್ಯ. ಒಮ್ಮೆ ಮರೆಯಾದ ಬೆಳಕನ್ನು ಮತ್ತೊಮ್ಮೆ ಮರೆಮಾಡಲಾಗದು. ಆಗಲೇ ನೆರಳಿರುವ ಜಾಗಗಳನ್ನೆಲ್ಲ ಮಾಸ್ಕ್ ಮಾಡಿ ಹೊಸ ನೆರಳನ್ನು ಅಳಿಸಿ. ಎರಡನೆಯದು, ಕೆನ್ನೆಯ ಎಣ್ಣೆಹೊಳಪು. ಬಿಸಿಲಿನಿಂದ ಬಂದ ಆ ಬಿಳಿ ಹೊಳಪು ನೆರಳಿನೊಳಗೆ ಇರಬಾರದು, ಆದರೆ Multiply ಅದನ್ನು ಅಳಿಸುವುದಿಲ್ಲ, ಬೂದು ಕಲೆಯಾಗಿ ಉಳಿಸುತ್ತದೆ. ನೆರಳು ಹಾಕುವ ಮೊದಲೇ ಆ ಜಾಗವನ್ನು ಪಕ್ಕದ ಹೊಳಪಿಲ್ಲದ ಚರ್ಮದಿಂದ ಹೀಲ್ ಮಾಡಿಕೊಳ್ಳಬೇಕು. ಮೂಗಿನ ಮೇಲೆ ಫ್ರೇಮ್ ಕೂರುವ ಎರಡು ಬಿಂದುಗಳಲ್ಲಿ ಮಾತ್ರ, ಆಕಾಶದ ಬೆಳಕೂ ನುಸುಳದ ಕಾರಣ, ಇನ್ನೊಂದಿಷ್ಟು ಕಡುವಾದ ಐದಾರು ಪಿಕ್ಸೆಲಿನ ನೆರಳು ಸೇರಿಸಿ. ಇಲ್ಲದಿದ್ದರೆ ಕನ್ನಡಕ ಮುಖದಿಂದ ಒಂದು ಕೂದಲೆಳೆ ಮೇಲೆ ತೇಲುತ್ತದೆ.

ಮೋಡ ಕವಿದ ದಿನದ ಫೋಟೋವಾಗಿದ್ದರೆ ಈ ಭಾಗದ ಬಹುಪಾಲು ಬೇಡವೇ ಬೇಡ. ಮೂಗಿಗೆ ಆಕಾರವುಳ್ಳ ನೆರಳೇ ಇಲ್ಲದ ಮೇಲೆ ಕನ್ನಡಕಕ್ಕೂ ಇರಕೂಡದು. ಮೂಗಿನ ಮೇಲಿನ ಆ ಎರಡು ಬಿಂದುಗಳ ಕಡು ನೆರಳು, ಕೆಳ ಅಂಚಿನ ಅಡಿಯಲ್ಲಿ 40–50 ಪಿಕ್ಸೆಲ್ ಮಸುಕಿನ ತೆಳು ಮಬ್ಬು, ಇಷ್ಟೇ ಸಾಕು. ಪ್ರತಿಬಿಂಬದಲ್ಲಿ ಮಾತ್ರ ಆಕಾಶದ ಪಟ್ಟಿಯನ್ನು ಅಂಥ ದಿನ ನೀಲಿಯ ಬದಲು ಬಿಳಿಯಾಗಿ ಬಿಡಿ. ಫೋಟೋ ತೆಗೆದವರ ಆಕೃತಿ ಆ ಬಿಳಿಯ ಎದುರು ಬಿಸಿಲಿನ ದಿನದಂತೆಯೇ ಕಪ್ಪಾಗಿ ಕಾಣುತ್ತದೆ.